ನೋಡ್ಕೊಳ್ಳೋಣ ರಾಯರು

ಬೆಂಗಳೂರಿನ ಯಾವ ದರ್ಶಿನಿಯಲ್ಲಾದರೂ ಸಂಜೆ ಹೊತ್ತು ನಿಂತು ನೋಡಿ, ರಾಯರು ಸಿಗುತ್ತಾರೆ. ವಯಸ್ಸು ಮೂವತ್ತರೊಳಗೆ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಬೈಟು ಕಾಫಿ, ಎದುರಿಗೆ ಹುಡುಗಿ. ಮುಂದಿನ ತಿಂಗಳು ಇಬ್ಬರೂ ಒಂದೇ ಮನೆ ಮಾಡುವವರು. ಸೋಫಾ ಬಣ್ಣ, ಬಾಲ್ಕನಿಯ ದೀಪ, ಬೆಕ್ಕಿನ ಹೆಸರು ಎಲ್ಲ ತೀರ್ಮಾನವಾಗಿದೆ. ಬಾಡಿಗೆ ಯಾರೆಷ್ಟು ಕೊಡೋದು ಎಂದು ಅವಳು ಕೇಳಿದರೆ ಮಾತ್ರ, "ನಮ್ಮಿಬ್ಬರ ಮಧ್ಯೆ ಅದೆಲ್ಲ ಏನು? ನೋಡ್ಕೊಳ್ಳೋಣ ಬಿಡು" ಅನ್ನುತ್ತಾರೆ.

ಅವಳು ಬಿಡುವುದಿಲ್ಲ. ಬಾಡಿಗೆ 36,000. ರಾಯರ ಸಂಬಳ 1,20,000, ಅವಳದು 60,000. "ಅರ್ಧರ್ಧ" ಎಂದು ರಾಯರು ಉದಾರವಾಗಿ ಘೋಷಿಸಿದರು. ಹಾಗೆ ಮಾಡಿದರೆ ಅವಳ ಸಂಬಳದಲ್ಲಿ ನೂರಕ್ಕೆ ಮೂವತ್ತು ಹೋಗುತ್ತದೆ, ರಾಯರದರಲ್ಲಿ ಹದಿನೈದು. ಅವಳು ಟಿಶ್ಯೂ ಮೇಲೆ 24,000 ಮತ್ತು 12,000 ಎಂದು ಬರೆದಳು. ಈಗ ಇಬ್ಬರಿಗೂ ನೂರಕ್ಕೆ ಇಪ್ಪತ್ತು.

"ಹಂಗಾದ್ರೆ ಪಾತ್ರೆನೂ ಸಂಬಳದ ಲೆಕ್ಕದಲ್ಲೇ ತೊಳೆಯೋಣ್ವಾ? ಕಮ್ಮಿ ದುಡಿಯೋರು ಜಾಸ್ತಿ."

"ಪಾತ್ರೆಗೆ ಗಂಟೆ ಲೆಕ್ಕ ಕಣೋ. ನಂಗೂ ಒಂಬತ್ತು ಗಂಟೆ ಆಫೀಸು."

ಆರು ತಿಂಗಳ ಅಡ್ವಾನ್ಸು 2,16,000. ಯಾರು ಎಷ್ಟು ಹಾಕಿದರು ಅಂತ ಬರೆದಿಡಬೇಕು, ಬಿಡುವಾಗ ಓನರು ಪೇಂಟಿಂಗಿಗೆಂದು ಹಿಡಿದುಕೊಳ್ಳುವ ದುಡ್ಡು ಯಾರ ಪಾಲಿನದು ಅನ್ನುವುದೂ ಗೊತ್ತಿರಬೇಕು. ರಾಯರು ಅಗ್ರಿಮೆಂಟು ತಮ್ಮೊಬ್ಬರ ಹೆಸರಲ್ಲಿ ಸಾಕು ಅಂದರು. ಜಗಳವಾದ ರಾತ್ರಿ ಆ ಮನೆಯಲ್ಲಿ ತಾನು ಅತಿಥಿ ಎಂದು ಅವಳು ವಿವರಿಸಿದಾಗ ಅವರಿಗೆ ನಾಟಲಿಲ್ಲ. ಇಬ್ಬರ ಹೆಸರೂ ಇದ್ದು, ಇಬ್ಬರೂ ಬಾಡಿಗೆ ಕೊಟ್ಟರೆ, ಹಳೇ ತೆರಿಗೆ ಪದ್ಧತಿಯಲ್ಲಿ ಇಬ್ಬರೂ ತಮ್ಮ ತಮ್ಮ ಪಾಲಿಗೆ ಎಚ್‌ಆರ್‌ಎ ಕೇಳಬಹುದು ಎಂದಾಗ ಮಾತ್ರ ಕಣ್ಣು ಅರಳಿತು. ಪ್ರೀತಿಗೆ ಕರಗದವರು ತೆರಿಗೆಗೆ ಕರಗುತ್ತಾರೆ.

ಮನೆಗೆಲಸದ ವಿಷಯದಲ್ಲಿ ರಾಯರಿಗೆ ಭಯವೇ ಇಲ್ಲ, ಅಡುಗೆ ಬರುತ್ತದೆ. ಬರುವುದು ಭಾನುವಾರದ ಪಲಾವು. ಅದಕ್ಕೆ ಕುಕ್ಕರು, ಎರಡು ಬಾಣಲೆ, ಮಿಕ್ಸಿಯ ಮೂರೂ ಜಾರು ಬೇಕು. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಲ್ಲಿಗೆ ಅವರ ಪಾಲಿನ ಕೆಲಸ ಮುಗಿಯುತ್ತದೆ. ಗ್ಯಾಸ್ ಬುಕ್ ಮಾಡೋದು, ವಾಟರ್ ಕ್ಯಾನ್ ತರಿಸೋದು, ಕೆಲಸದವರು ಬಾರದ ದಿನ ಕಸ ಹೊರಗಿಡೋದು?

"ನೀನು ಹೇಳಿದ್ರೆ ಮಾಡ್ತೀನಿ."

"ನೆನಪಿಟ್ಕೊಂಡು ಹೇಳೋದೇ ಅರ್ಧ ಕೆಲಸ ಕಣೋ. ಗ್ಯಾಸು, ನೀರು ನಿಂದು. ನಾನು ಕೇಳೋದೂ ಇಲ್ಲ, ಜ್ಞಾಪಿಸೋದೂ ಇಲ್ಲ."

ಒಪ್ಪಿದರು. ಸ್ನಾನಕ್ಕೆ ಗೀಸರಿದೆ ಅನ್ನುವ ಧೈರ್ಯವಿರಬೇಕು.

ಕೊನೆಗೆ ಅವಳು ಟಿಶ್ಯೂ ಮಡಚಿಟ್ಟು ಕೇಳಿದಳು. "ನಿಮ್ಮಮ್ಮ ಹಾಸನದಿಂದ ಬಂದ್ರೆ ನನ್ನ ಯಾರು ಅಂತ ಹೇಳ್ತೀಯಾ?"

ರಾಯರ ಬಾಯಿಗೆ 'ನೋಡ್ಕೊಳ್ಳೋಣ' ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡರು. ತಕ್ಷಣ ಫೋನು ತೆಗೆದು ಅಮ್ಮನಿಗೇ ಮಾಡಿದರು. ಅವಳಿಗೆ ಹೆಮ್ಮೆಯಾಯಿತು.

"ಅಮ್ಮಾ, ಮುಂದಿನ ತಿಂಗಳು ಈ ಕಡೆ ಬರಬೇಡ. ಮನೆಗೆ ಪೇಂಟಿಂಗ್ ಮಾಡಿಸ್ತಿದ್ದಾರೆ."