ನೂರು ರೂಪಾಯಿಗೆ ನಮ್ಮ ಒಪ್ಪಿಗೆಯಿಲ್ಲ
ನಮ್ಮ ಪಾರ್ಸೆಲ್ ಒಯ್ದ ಕೊರಿಯರ್ ಸಂಸ್ಥೆಗೆ ಒಂದು ಬಹಿರಂಗ ಪತ್ರ

ಮಾನ್ಯ ವ್ಯವಸ್ಥಾಪಕರೇ,

ದೊಡ್ಡಬಳ್ಳಾಪುರದ ನಿಮ್ಮ ಕೌಂಟರಿನಲ್ಲಿ ನಾನು ಬುಕ್ ಮಾಡಿದ ಪಾರ್ಸೆಲ್ಲಿನಲ್ಲಿ ಮೂರು ರೇಷ್ಮೆ ಸೀರೆಗಳಿದ್ದವು. ನಮ್ಮೂರಿನ ಮಗ್ಗದಲ್ಲೇ ನೇಯ್ದವು, ಬೆಳಗಾವಿಯಲ್ಲಿರುವ ತಂಗಿಯ ಮಗಳ ಮದುವೆಗೆಂದು ಕೊಂಡವು. ಒಂದೊಂದರ ಬೆಲೆ 4,800 ರೂಪಾಯಿ. ನಿಮ್ಮ ಹುಡುಗ ಒಳಗೇನಿದೆ, ಬೆಲೆಯೆಷ್ಟು ಎಂದು ಕೇಳಿದ. ಹೇಳಿದೆ. ಅವನು 14,400 ಎಂದು ಚೀಟಿಯಲ್ಲಿ ನಮೂದಿಸಿ, 340 ರೂಪಾಯಿ ಬಾಡಿಗೆ ತೆಗೆದುಕೊಂಡ.

ಪೆಟ್ಟಿಗೆ ಬೆಳಗಾವಿ ಮುಟ್ಟಿದಾಗ ಒಂದು ಮೂಲೆ ಜಜ್ಜಿಹೋಗಿತ್ತು, ತಳ ಒದ್ದೆಯಾಗಿತ್ತು. ತಂಗಿ ಸಹಿ ಹಾಕುವ ಮೊದಲೇ ಡೆಲಿವರಿ ಚೀಟಿಯ ಮೇಲೆ ‘ಪೆಟ್ಟಿಗೆ ಒದ್ದೆ, ಮೂಲೆ ಜಜ್ಜಿದೆ’ ಎಂದು ಬರೆದಳು. ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ವಿಡಿಯೊ ಮಾಡಿಸಿದಳು. ಕೆಂಪು ಸೀರೆ ಬಣ್ಣ ಬಿಟ್ಟು ಕೆನೆಬಣ್ಣದ ಸೀರೆಯ ಸೆರಗಿಗೆ ಹತ್ತಿತ್ತು. ಮೂರನೆಯದರ ಅಂಚಿನ ಮೇಲೆ ಅಂಗೈಯಗಲ ಗ್ರೀಸ್ ಕಲೆ. ಡ್ರೈಕ್ಲೀನಿಂಗ್‌ನವರು ಈ ಕಲೆಗಳು ಹೋಗುವುದಿಲ್ಲವೆಂದು ಬರೆದುಕೊಟ್ಟಿದ್ದಾರೆ. ಫೋಟೊ, ವಿಡಿಯೊ, ಸೀರೆಗಳ ಬಿಲ್ಲು, ಡ್ರೈಕ್ಲೀನಿಂಗ್‌ನವರ ಚೀಟಿ ಎಲ್ಲವನ್ನೂ ನಿಮಗೆ ಕಳಿಸಿದ್ದೇನೆ.

ನಿಮ್ಮ ಉತ್ತರದಲ್ಲಿದ್ದದ್ದು ಇಷ್ಟೇ: ಚೀಟಿಯ ಹಿಂಬದಿಯ ಷರತ್ತಿನಂತೆ ನಮ್ಮ ಹೊಣೆ ನೂರು ರೂಪಾಯಿಗೆ ಸೀಮಿತ, ತಕರಾರಿದ್ದರೆ ಮುಂಬೈ ನ್ಯಾಯಾಲಯಕ್ಕೆ ಹೋಗಿ.

ಇಂಥ ಷರತ್ತುಗಳಿಗೆ ಬೆಲೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊರಿಯರಿನ ಹೊಣೆಯನ್ನು ಚೀಟಿಯಲ್ಲಿದ್ದ ನೂರು ಡಾಲರಿಗೇ ಸೀಮಿತಗೊಳಿಸಿತು. ಆದರೆ ಷರತ್ತಿರುವ ಕಾಗದಕ್ಕೆ ಸಹಿ ಹಾಕಿದವರು ಅದಕ್ಕೆ ಬದ್ಧರು ಎಂಬುದು ಆ ತೀರ್ಪಿನ ಆಧಾರ. ನನ್ನ ಚೀಟಿಯಲ್ಲಿ ಕಳಿಸುವವರ ಸಹಿಯ ಜಾಗ ಖಾಲಿಯಿದೆ. ಹಣ ಕೊಟ್ಟ ಮೇಲೆ ಕೈಗೆ ಬಂದ ಕಾಗದದ ಬೆನ್ನಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಏನಿದೆಯೆಂದು ಯಾರೂ ನನಗೆ ಹೇಳಲಿಲ್ಲ.

ಇನ್ನು 2007ರ ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆಯ ವಿಷಯ. ಮನೆಬಾಗಿಲಿಗೆ ತಲುಪಿಸುವ ಕೊರಿಯರುಗಳೂ ಅದರ ವ್ಯಾಪ್ತಿಯಲ್ಲಿವೆ. ಮಾಲು ಹಾಳಾದರೆ ನಿಮ್ಮ ನಿರ್ಲಕ್ಷ್ಯವನ್ನು ನಾನು ಸಾಬೀತು ಮಾಡಬೇಕಿಲ್ಲ ಎಂದು ಅದು ಹೇಳುತ್ತದೆ. ನಿಮ್ಮ ಹೊಣೆಗೆ ಅದೂ ಒಂದು ಮಿತಿ ಹಾಕಿದೆ, ಒಪ್ಪುತ್ತೇನೆ: 2011ರ ನಿಯಮಗಳ ಪ್ರಕಾರ ಬಾಡಿಗೆಯ ಹತ್ತು ಪಟ್ಟು. ನನ್ನ ಪಾರ್ಸೆಲ್ಲಿಗೆ ಅದು 3,400 ರೂಪಾಯಿ. ನೀವು ಕೊಡುತ್ತೇವೆಂದ ನೂರು ರೂಪಾಯಿ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ.

ಆ ಮಿತಿಯನ್ನು ದಾಟುವ ದಾರಿಯೂ ಅದೇ ಕಾಯ್ದೆಯಲ್ಲಿದೆ. ಹೆಚ್ಚಿನ ಅಪಾಯದ ದರ ಕೊಟ್ಟವರಿಗೆ ಒಪ್ಪಂದದಂತೆ ಹೆಚ್ಚಿನ ಪರಿಹಾರ ಸಿಗುತ್ತದೆ. ಆ ದರವನ್ನು ವಸೂಲು ಮಾಡುವವರು ಅದನ್ನು ತಮ್ಮ ವ್ಯವಹಾರದ ಜಾಗದಲ್ಲಿ ಇಂಗ್ಲಿಷಿನಲ್ಲೂ ರಾಜ್ಯದ ಭಾಷೆಯಲ್ಲೂ ಬರೆದು ತೂಗುಹಾಕಿರಬೇಕೆಂದು 11ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಕೌಂಟರಿನ ಗೋಡೆಯಲ್ಲಿ ಅಂಥ ಬೋರ್ಡು ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಸೀರೆಯ ಬೆಲೆ ಕೇಳಿ ಬರೆದುಕೊಂಡ ಮೇಲೆ, ಇಷ್ಟು ಹೆಚ್ಚು ಕೊಟ್ಟರೆ ಪೂರ್ತಿ ಹೊಣೆ ನಮ್ಮದು ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು, ಸಂತೋಷದಿಂದ ಕೊಡುತ್ತಿದ್ದೆ. ಆಯ್ಕೆಯಿದೆ ಎಂಬುದನ್ನೇ ತಿಳಿಸದೆ, ಈಗ ನೀನು ಆರಿಸಿಕೊಳ್ಳಲಿಲ್ಲ ಎನ್ನುವುದು ನ್ಯಾಯವಲ್ಲ. ಇದು ಸೇವೆಯ ಕೊರತೆ ಎಂಬುದು ನನ್ನ ದೂರು.

ಆದ್ದರಿಂದ ಸೀರೆಗಳ ಬೆಲೆ 14,400, ಬಾಡಿಗೆ 340, ಒಟ್ಟು 14,740 ರೂಪಾಯಿಯನ್ನು ಹದಿನೈದು ದಿನದೊಳಗೆ ಕೊಡಿ. ಕಾಯ್ದೆಯ 16ನೇ ಸೆಕ್ಷನ್ ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕೆನ್ನುತ್ತದೆ. ಇದೇ ಒಕ್ಕಣೆಯ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ, ಸ್ವೀಕೃತಿ ಚೀಟಿ ನನ್ನ ಬಳಿ ಇದೆ. ಹಣ ಬಾರದಿದ್ದರೆ ನಾನು ಮುಂಬೈಗೆ ಹೋಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಬಿಟ್ಟಿದೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ನಮ್ಮ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ನಾನೇ ನಿಂತು ಇದನ್ನೆಲ್ಲ ಹೇಳುತ್ತೇನೆ.

ಹಣದ ಜೊತೆಗೆ ಇನ್ನೊಂದು ಬೇಡಿಕೆ. ದೊಡ್ಡಬಳ್ಳಾಪುರದಿಂದ ದಿನವೂ ಸೀರೆಯ ಕಟ್ಟುಗಳು ಹೊರಗೆ ಹೋಗುತ್ತವೆ. ನಿಮ್ಮ ದರವನ್ನೂ ಹೊಣೆಯನ್ನೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಕೌಂಟರಿನ ಮುಂದೆ ತೂಗುಹಾಕಿ.

ಪಾರ್ಸೆಲ್ ಕಳಿಸುವ ಎಲ್ಲರಲ್ಲೂ ನನ್ನ ಮನವಿ: ಬೆಲೆ ಬರೆಸಿ, ಹೆಚ್ಚಿನ ಅಪಾಯದ ದರ ಎಷ್ಟೆಂದು ಕೇಳಿ, ಪೆಟ್ಟಿಗೆ ಕೆಟ್ಟಿದ್ದರೆ ಅದನ್ನು ಚೀಟಿಯ ಮೇಲೆ ಬರೆಯದೆ ಸಹಿ ಹಾಕಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ದೊಡ್ಡಬಳ್ಳಾಪುರದ ಒಬ್ಬ ಗ್ರಾಹಕ