ಶ್ರೀ ನಂಜುಡಯ್ಯ ಎಂಬುವರ ನಿವೇಶನದ ಬಗ್ಗೆ

ಮಾನ್ಯ ಉಪನೋಂದಣಾಧಿಕಾರಿಗಳಿಗೆ,

ವಿಷಯ: ನೋಂದಾಯಿತ ಶುದ್ಧ ಕ್ರಯಪತ್ರದಲ್ಲಿ ಬಿಟ್ಟುಹೋಗಿರುವ ಒಂದು ಸೊನ್ನೆಯನ್ನು ವಾಪಸು ಕೊಡಿಸುವ ಬಗ್ಗೆ.

ಉಲ್ಲೇಖ: ಇಂದು ಮಧ್ಯಾಹ್ನ ತಮ್ಮ ಕಚೇರಿಯ ಕಂಪ್ಯೂಟರ್ ಆಪರೇಟರ್ ಹೊರಡಿಸಿದ ಬಾಯಿಮಾತಿನ ಆದೇಶ. ಸಂಖ್ಯೆ ಇಲ್ಲ, ದಿನಾಂಕ ಇಲ್ಲ, ಸಹಿ ಇಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕಚೇರಿಯಿಂದ ಈಗಷ್ಟೇ ಮನೆಗೆ ಬಂದು, ಊಟಕ್ಕೂ ಕೂರದೆ ಈ ಪತ್ರ ಬರೆಯುತ್ತಿದ್ದೇನೆ. ಊಟ ಮಾಡಿದರೆ ಸಿಟ್ಟು ಇಳಿದುಬಿಡುತ್ತದೆ ಎಂಬ ಭಯ.

ನನ್ನ ಹೆಸರು ನಂಜುಂಡಯ್ಯ. ಅದರಲ್ಲಿ ಎರಡು ಸೊನ್ನೆಗಳಿವೆ. ನನ್ನ ಕ್ರಯಪತ್ರದ ಮೊದಲ ಪುಟದಲ್ಲಿ, ಬರೆಸಿಕೊಂಡವರ ಹೆಸರಿನ ಜಾಗದಲ್ಲಿ, ‘ನಂಜುಡಯ್ಯ’ ಎಂದಿದೆ. ಒಂದು ಸೊನ್ನೆ ನಾಪತ್ತೆ. ಅದೇ ಪತ್ರದಲ್ಲಿ ಕ್ರಯದ ಮೊಬಲಗು 20,00,000 ರೂಪಾಯಿ ಎಂದೂ ಇದೆ. ಅಲ್ಲಿ ಆರು ಸೊನ್ನೆ ಇರಬೇಕು, ಆರೂ ಇವೆ. ಶೇಕಡ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಎಲ್ಲವೂ ಆ ಆರು ಸೊನ್ನೆಗಳ ಮೇಲೆ ನಿಂತಿರುವುದರಿಂದ ಅವನ್ನು ಎಣಿಸಿಯೇ ತೆಗೆದುಕೊಂಡಿದ್ದೀರಿ. ಅಲ್ಲೊಂದು ಬಿದ್ದುಹೋಗಿದ್ದರೆ ನನ್ನ ಮನೆ ಬಾಗಿಲಿಗೇ ನೋಟಿಸು ಬರುತ್ತಿತ್ತು.

ಹೀಗಾಗಿ ಸದ್ಯಕ್ಕೆ ಆ 30x40 ನಿವೇಶನದ ಮಾಲೀಕರು ಶ್ರೀ ನಂಜುಡಯ್ಯನವರು. ಹಣ ಕೊಟ್ಟವನು ನಾನು, ಸೈಟು ಅವರದು. ಖಾತೆ ಮಾಡಿಕೊಡಿ ಎಂದು ಪುರಸಭೆಗೆ ಹೋದರೆ, ಆಧಾರ್‌ನಲ್ಲಿರುವ ಹೆಸರು ಬೇರೆ, ಪತ್ರದಲ್ಲಿರುವ ಹೆಸರು ಬೇರೆ ಎನ್ನುತ್ತಾರೆ. ಇಸಿ ತೆಗೆಸಿದರೆ ಅದರಲ್ಲೂ ಅವರೇ ಕೂತಿದ್ದಾರೆ. ನಾನು ಮತ್ತು ನಂಜುಡಯ್ಯ ಇಬ್ಬರೂ ಒಬ್ಬನೇ ಎಂದು ನೋಟರಿ ಮುಂದೆ ಪ್ರಮಾಣ ಮಾಡಿ ಪುರಸಭೆಗೆ ಅಫಿಡವಿಟ್ಟು ಕೊಟ್ಟೆ. ಅದನ್ನು ಮುಟ್ಟಿ ನೋಡಿ, ‘ಇದು ನಡೆಯಲ್ಲ ಯಜಮಾನ್ರೇ, ತಿದ್ದುಪಡಿ ಪತ್ರ ರಿಜಿಸ್ಟರ್ ಮಾಡಿಸಿಕೊಂಡು ಬನ್ನಿ’ ಎಂದರು.

ಈ ಸೊನ್ನೆ ಬಿದ್ದದ್ದು ಪತ್ರ ಬರಹಗಾರರ ಅಂಗಡಿಯಲ್ಲಿ, ಕಾವೇರಿ ತಂತ್ರಾಂಶಕ್ಕೆ ಹೆಸರು ಟೈಪು ಮಾಡುವಾಗ. ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟದ್ದು ತಮ್ಮ ಕಚೇರಿ. ನೋಂದಣಿಯ ದಿನ ತಮ್ಮ ಮೇಜಿನ ಮುಂದೆಯೇ, ಹೆಬ್ಬೆಟ್ಟು ಒತ್ತುವ ಮೊದಲೇ, ನಾನು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ‘ಈಗ ತಿದ್ದಿದರೆ ಮತ್ತೆ ಅಪ್‌ಲೋಡು, ಮತ್ತೆ ಅಪಾಯಿಂಟ್‌ಮೆಂಟು. ಸುಮ್ಮನೆ ಆಮೇಲೆ ತಿದ್ದುಪಡಿ ಪತ್ರ ಮಾಡಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ’ ಎಂದರು ತಮ್ಮ ಕಚೇರಿಯವರು. ನೋಂದಣಿಗೆ ಮುಂಚೆ ಆಗುವ ತಿದ್ದುಪಡಿಯ ಪಕ್ಕ ಬರೆದುಕೊಟ್ಟವರು ಸಹಿ ಹಾಕಿದರೆ ಸಾಕು ಎಂಬುದು ನೋಂದಣಿ ಕಾಯ್ದೆಯ 20ನೇ ಕಲಮಿನಲ್ಲೇ ಇದೆ. ಬರೆದುಕೊಟ್ಟ ಅಮ್ಮ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ಇಬ್ಬರು ಗಂಡುಮಕ್ಕಳೂ ಪಕ್ಕದಲ್ಲೇ ನಿಂತಿದ್ದರು. ಆ ಒಂದು ಸಹಿಯನ್ನು ಅವತ್ತೇ ಹಾಕಿಸಿಕೊಂಡಿದ್ದರೆ ತಮಗೆ ಈ ಪತ್ರ ಓದುವ ಕಷ್ಟವಿರುತ್ತಿರಲಿಲ್ಲ.

ನೋಂದಣಿಯಾದ ದಸ್ತಾವೇಜನ್ನು ತಾವು ಪೆನ್ನು ಹಿಡಿದು ತಿದ್ದುವ ಹಾಗಿಲ್ಲ ಎಂಬುದು ನನಗೆ ಗೊತ್ತು. ನಾನೂ ಪ್ರಥಮ ದರ್ಜೆ ಸಹಾಯಕನಾಗಿ ನಿವೃತ್ತನಾದವನು, ಜೀವಮಾನವೆಲ್ಲ ಕಡತದ ಧೂಳು ಕುಡಿದವನು. ತಿದ್ದಬೇಕಾದರೆ ಬರೆದುಕೊಟ್ಟವರು, ಬರೆಸಿಕೊಂಡವರು ಎಲ್ಲ ಸೇರಿ ಇನ್ನೊಂದು ಪತ್ರ ಬರೆದು ಅದನ್ನೂ ನೋಂದಾಯಿಸಬೇಕು. ಆಗಲಿ ಎಂದೆ. ಅಷ್ಟರಲ್ಲಿ ಆ ಅಮ್ಮ ತೀರಿಕೊಂಡರು. ಅವರ ಮರಣ ಪ್ರಮಾಣಪತ್ರ ತಂದೆ, ನಾಡಕಚೇರಿಯಿಂದ ವಂಶವೃಕ್ಷ ತಂದೆ. ಮಕ್ಕಳಿಬ್ಬರೂ ಮೂಲ ಪತ್ರಕ್ಕೆ ಸಹಿ ಹಾಕಿದವರೇ, ಈಗ ತಾಯಿಯ ವಾರಸುದಾರರೂ ಅವರೇ. ಪಾಪ, ಇವತ್ತು ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಬಂದರು.

ಬೆಳಿಗ್ಗೆಯೆಲ್ಲ ಸರ್ವರ್ ಇರಲಿಲ್ಲ. ಅದಕ್ಕೆ ನನ್ನ ತಕರಾರಿಲ್ಲ, ನಮ್ಮ ಕಾಲದಲ್ಲಿ ಸಾಹೇಬರು ಇರುತ್ತಿರಲಿಲ್ಲ. ಊಟದ ಹೊತ್ತಿಗೆ ಸರ್ವರ್ ಬಂತು. ಆಪರೇಟರ್ ಪರದೆಯಿಂದ ಕಣ್ಣು ತೆಗೆಯದೆ, ‘ಮೂರು ಜನ ಬರೆದುಕೊಟ್ಟಿದ್ದಾರೆ, ಇಲ್ಲಿ ಇಬ್ಬರೇ ಇದ್ದಾರಲ್ಲ’ ಎಂದರು.

‘ಆ ಅಮ್ಮ ತೀರಿಹೋದರು’ ಎಂದೆ.

‘ಹಂಗಾದ್ರೆ ಅವರು ಬಂದಾಗ ಬನ್ನಿ’ ಎಂದರು.

ಹಿರಿಯ ಮಗ ಮುಖ ತಿರುಗಿಸಿಕೊಂಡು ಹೊರಗೆ ಹೋದ. ನಾನು ಮರಣ ಪ್ರಮಾಣಪತ್ರವನ್ನು ಕೀಬೋರ್ಡಿನ ಮೇಲೆಯೇ ಇಟ್ಟೆ. ಅದನ್ನು ಓದಿದ ಮೇಲೆ ಮಾತು ಬದಲಾಯಿತು. ‘ವಾರಸುದಾರರದ್ದು ಇಲ್ಲಿ ಆಗಲ್ಲ, ಕೋರ್ಟಿಗೆ ಹೋಗಿ.’ ಸ್ವಾಮಿ, ಕೋರ್ಟಿನ ದಾರಿಯೂ ನನಗೆ ಗೊತ್ತು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಲ್ಲಿ ಪತ್ರದ ತಪ್ಪು ತಿದ್ದಿಸಲು ದಾವೆ ಹಾಕಬಹುದು. ಬರೆದುಕೊಟ್ಟವರು ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದಾಗ ಹಿಡಿಯುವ ದಾರಿ ಅದು. ಇಲ್ಲಿ ಹಟ ಹಿಡಿದವರು ಯಾರು? ನನ್ನ ಪಕ್ಕ ಬೆಂಚಿನ ಮೇಲೆ ಕೂತು ಕಾಫಿ ಕುಡಿದ ಹುಡುಗರ ಮೇಲೆ ದಾವೆ ಹಾಕಲೇ? ಇಲ್ಲ, ಆ ನಂಜುಡಯ್ಯನವರ ಮೇಲೆ ಹಾಕಲೇ? ಸಮನ್ಸು ಜಾರಿ ಮಾಡಲು ಅವರ ವಿಳಾಸವೇನು?

ಆಗಲ್ಲ ಎಂಬುದನ್ನು ಬರೆದುಕೊಡಿ ಎಂದೆ. ಅಲ್ಲಿಂದ ಮುಂದೆ ಯಾರೂ ನನ್ನ ಮುಖ ನೋಡಲಿಲ್ಲ.

ನನ್ನ ಸಿಟ್ಟೆಲ್ಲ ಇದೊಂದರ ಮೇಲೆ. ಸೊನ್ನೆಯನ್ನು ಬೇಕಾದರೆ ಮರೆಯುತ್ತೇನೆ, ಇದನ್ನು ಮರೆಯುವುದಿಲ್ಲ. 1908ರ ನೋಂದಣಿ ಕಾಯ್ದೆಯ 71ನೇ ಕಲಮನ್ನು ತಾವು ಓದಿರುತ್ತೀರಿ. ಪತ್ರ ನೋಂದಾಯಿಸಲು ನಿರಾಕರಿಸಿದರೆ ತಾವು ಆದೇಶ ಮಾಡಬೇಕು, ಕಾರಣಗಳನ್ನು 2ನೇ ಪುಸ್ತಕದಲ್ಲಿ ಬರೆಯಬೇಕು, ಪತ್ರದ ಮೇಲೆ ‘ನೋಂದಣಿ ನಿರಾಕರಿಸಲಾಗಿದೆ’ ಎಂದು ಷರಾ ಹಾಕಬೇಕು, ಕೇಳಿದ ಪಕ್ಷಗಾರನಿಗೆ ಆ ಕಾರಣಗಳ ನಕಲನ್ನು ಕಾಸು ತೆಗೆದುಕೊಳ್ಳದೆ, ತಡಮಾಡದೆ ಕೊಡಬೇಕು. ಆ ಆದೇಶದ ದಿನದಿಂದ 30 ದಿನದೊಳಗೆ ನಾನು ಜಿಲ್ಲಾ ನೋಂದಣಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಬಹುದು ಎಂದು 72ನೇ ಕಲಂ ಹೇಳುತ್ತದೆ. ಆದೇಶವೇ ಇಲ್ಲದಿದ್ದರೆ ಯಾವುದರ ಮೇಲೆ ಮೇಲ್ಮನವಿ ಹಾಕಲಿ? ಆಪರೇಟರ್ ಅಲ್ಲಾಡಿಸಿದ ತಲೆಯ ಮೇಲೆಯೇ? ಆಗಲ್ಲ ಎಂದು ಬಾಯಲ್ಲಿ ಹೇಳಿದರೆ ತಮಗೆ ಜವಾಬ್ದಾರಿ ಇಲ್ಲ, ನನಗೆ ದಾರಿ ಇಲ್ಲ. ಕಚೇರಿಯಲ್ಲಿ ಕೂತವರಿಗೆಲ್ಲ ಈ ಉಪಾಯ ಗೊತ್ತು, ಗೊತ್ತಿದ್ದೇ ಮಾಡುತ್ತಾರೆ. ಇದು ಸೋಮಾರಿತನವಲ್ಲ, ಅನ್ಯಾಯ.

ಆದ್ದರಿಂದ ಪ್ರಾರ್ಥನೆ ಇಷ್ಟೇ. ಬರುವ ಸೋಮವಾರ ಮಕ್ಕಳಿಬ್ಬರನ್ನೂ ಕರೆದುಕೊಂಡು ಅದೇ ತಿದ್ದುಪಡಿ ಪತ್ರವನ್ನು ಮತ್ತೆ ಹಾಜರುಪಡಿಸುತ್ತೇನೆ. ಒಂದೋ ನೋಂದಾಯಿಸಿ, ಇಲ್ಲವೇ ನಿರಾಕರಿಸಿ ಷರಾ ಹಾಕಿ. ಎರಡರಲ್ಲಿ ಯಾವುದನ್ನು ಮಾಡಿದರೂ ಕೈಮುಗಿದು ಹೋಗುತ್ತೇನೆ. ಎರಡನ್ನೂ ಮಾಡದಿದ್ದರೆ ಬುತ್ತಿ ಕಟ್ಟಿಸಿಕೊಂಡು ಬಂದು ತಮ್ಮ ಕೊಠಡಿಯ ಮುಂದೆಯೇ ಕೂರುತ್ತೇನೆ. ಪಿಂಚಣಿದಾರನಿಗೆ ಬೇರೆ ಕೆಲಸವಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಕ್ಕೆ ತೆಗೆದುಕೊಳ್ಳಬೇಕು.

ತಮ್ಮ ವಿಶ್ವಾಸಿ,
ನಂಜುಂಡಯ್ಯ
ನಿವೃತ್ತ ಪ್ರಥಮ ದರ್ಜೆ ಸಹಾಯಕ

ಅಡಕ: ಕ್ರಯಪತ್ರದ ನಕಲು, ತಿದ್ದುಪಡಿ ಪತ್ರದ ನಕಲು, ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಪ್ರತಿ.

ಪ್ರತಿ: ಜಿಲ್ಲಾ ನೋಂದಣಾಧಿಕಾರಿಗಳ ಅವಗಾಹನೆಗೆ. ಮೇಲ್ಮನವಿಯೂ ಬರೆದು ಸಿದ್ಧವಿದೆ, ಆದೇಶದ ದಿನಾಂಕದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ.