ನಮ್ಮನೆ ಮೀಟರಿನ ಔದಾರ್ಯ: ಸಹಾಯಕ ಕಾರ್ಯಪಾಲಕ ಎಂಜಿನಿಯರರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಮನೆಯಲ್ಲಿ ಇಬ್ಬರೇ ಇದ್ದೇವೆ. ನಾನು ನಿವೃತ್ತ ಮೇಷ್ಟ್ರು, ನನ್ನಾಕೆ ನಿವೃತ್ತಿಯಿಲ್ಲದ ಗೃಹಿಣಿ. ತಿಂಗಳಿಗೆ 68 ಯೂನಿಟ್ ಆಸುಪಾಸು ಉರಿಸುತ್ತಿದ್ದೆವು. ಗೃಹಜ್ಯೋತಿಯ ಲೆಕ್ಕದಲ್ಲಿ ನಮಗೆ 75 ಯೂನಿಟ್‌ವರೆಗೆ ಉಚಿತ. ಆದ್ದರಿಂದ ಪ್ರತಿ ತಿಂಗಳೂ ಸೊನ್ನೆ ಬಿಲ್ಲು ಬರುತ್ತಿತ್ತು, ಅದನ್ನು ನನ್ನಾಕೆ ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದಳು.

ಎರಡು ತಿಂಗಳ ಹಿಂದೆ ಬಂದ ಬಿಲ್ಲಿನಲ್ಲಿ 206 ಯೂನಿಟ್ ಎಂದಿತ್ತು. 200 ದಾಟಿದರೆ ಯೋಜನೆ ಪೂರ್ತಿ ಕೈಬಿಡುತ್ತದೆ, ಮೊದಲ ಯೂನಿಟ್‌ನಿಂದಲೇ ದುಡ್ಡು ಕಟ್ಟಬೇಕು. ಬರೀ ಆರು ಯೂನಿಟ್‌ನ ಅಂತರದಲ್ಲಿ ನಾವು ಫಲಾನುಭವಿಗಳ ಪಟ್ಟಿಯಿಂದ ಜಾರಿ 1,668 ರೂಪಾಯಿಯ ಗುಂಡಿಗೆ ಬಿದ್ದೆವು. ರೀಡಿಂಗ್ ಹುಡುಗ ಯಂತ್ರದಿಂದ ಚೀಟಿ ಹರಿದುಕೊಡುತ್ತಾ, 'ಏಸಿ ಹಾಕ್ಸಿದ್ರಾ ಸರ್?' ಎಂದು ಕೇಳಿದ. ನಮ್ಮನೆ ಫ್ಯಾನಿಗೇ ಇನ್ನೂ ಮೂರನೇ ನಂಬರ್ ನೋಡುವ ಯೋಗ ಬಂದಿಲ್ಲ. ಫ್ಯೂಸ್ ಕೀಳುತ್ತಾರೆಂಬ ಭಯಕ್ಕೆ ದುಡ್ಡು ಕಟ್ಟಿದೆ. ಮರುತಿಂಗಳು 211 ಬಂತು.

ನಿಮ್ಮ ಕೌಂಟರಿನವರು ನನ್ನ ಅರ್ಜಿಯನ್ನು ಓದುವ ಮೊದಲೇ ತೀರ್ಪು ಕೊಟ್ಟರು: 'ಫ್ರಿಡ್ಜ್ ಹಳೇದಿರ್ಬೇಕು, ಇಲ್ಲಾಂದ್ರೆ ವೈರಿಂಗ್ ಲೀಕೇಜು.' ಮೀಟರ್ ಮಾತ್ರ ತಪ್ಪು ಮಾಡುವುದಿಲ್ಲವಂತೆ. ಅದೇ ಸಾಕ್ಷಿ, ಅದೇ ನ್ಯಾಯಾಧೀಶ. ಆಗ ನಾನೂ ಒಂದು ಪಾಟೀಸವಾಲು ಮಾಡೋಣವೆಂದು ಹಠ ಹಿಡಿದೆ.

ಮೊದಲು ಓದುವಲ್ಲೇ ತಪ್ಪಿದೆಯೇ ಎಂದು ನೋಡಿದೆ. ಬಿಲ್ಲಿನ ಅಂಕಿ, ಮೀಟರಿನ ಅಂಕಿ ಎರಡೂ ತಾಳೆಯಾದವು, ಹುಡುಗ ಪಾಪ ನಿರಪರಾಧಿ. ಮುಂದೆ ಮೀಟರಿನ ಪಕ್ಕದ ಮೇನ್ ಸ್ವಿಚ್ ಆಫ್ ಮಾಡಿದೆ. ಮೀಟರಿನ ಕೆಂಪು ದೀಪ ಅರ್ಧ ಗಂಟೆ ಒಮ್ಮೆಯೂ ಮಿಣುಕಲಿಲ್ಲ. ಹಾಗಾದರೆ ಮೇನ್‌ಗಿಂತ ಹಿಂದೆ ಯಾರೂ ತಂತಿ ಎಳೆದುಕೊಂಡಿಲ್ಲ, ಮೀಟರ್ ಸುಮ್ಮನೆ ಕುಳಿತು ತನ್ನಷ್ಟಕ್ಕೆ ಓಡುತ್ತಲೂ ಇಲ್ಲ. ಆಮೇಲೆ ಮೇನ್ ಹಾಕಿ, ಒಳಗಿನ ಸ್ವಿಚ್‌ಗಳನ್ನೆಲ್ಲ ಆರಿಸಿ, ಫ್ರಿಡ್ಜಿನ ಪ್ಲಗ್ಗನ್ನೂ ಕಿತ್ತು ಕಾದೆ. ಆಗಲೂ ಮಿಣುಕಿಲ್ಲ. ಲೀಕೇಜೂ ಇಲ್ಲವೆಂದಾಯಿತು.

ಕೊನೆಗೆ ಬಚ್ಚಲುಮನೆಯ ಹಳೇ ನೂರು ವಾಟಿನ ಬಲ್ಬೊಂದನ್ನೇ ಹಚ್ಚಿ, ಗಡಿಯಾರ ಹಿಡಿದು ಸ್ಟೂಲ್ ಹಾಕಿಕೊಂಡು ಮೀಟರ್ ಮುಂದೆ ಕೂತೆ. ಒಂದು ಯೂನಿಟ್‌ಗೆ 3200 ಮಿಣುಕು ಎಂದು ಮೀಟರಿನ ಮೈಮೇಲೇ ಅಚ್ಚಾಗಿದೆ. ನೂರು ವಾಟಿನ ಬಲ್ಬ್ ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಆರು ನಿಮಿಷಕ್ಕೆ ಅದರ ನೂರನೇ ಒಂದು ಪಾಲು, ಅಂದರೆ 32 ಮಿಣುಕು. ನಾನು ಎಣಿಸಿದ್ದು 97. ನನ್ನ ಕಣ್ಣೇ ಸರಿಯಿಲ್ಲವೇನೋ ಎಂದು ನನ್ನಾಕೆಯನ್ನು ಕೂರಿಸಿದೆ. ಅವಳು 96 ಎಂದಳು. ಒಂದು ಮಿಣುಕಿಗಾಗಿ ನಮ್ಮಿಬ್ಬರಲ್ಲಿ ಇನ್ನೂ ವ್ಯಾಜ್ಯ ನಡೆದಿದೆ, ಅದರ ಪರಿಹಾರವನ್ನು ನಿಮ್ಮಿಂದ ಕೇಳುವುದಿಲ್ಲ. ವೋಲ್ಟೇಜ್ ಹತ್ತು ಪರ್ಸೆಂಟ್ ಏರಿದರೆ ಬಲ್ಬ್ ಇಪ್ಪತ್ತು ಪರ್ಸೆಂಟ್ ಹೆಚ್ಚು ತಿಂದೀತು, ಒಪ್ಪಿದೆ. ಆದರೆ ಮೂರುಪಟ್ಟು ತಿನ್ನಬೇಕಾದರೆ ಅದು ಬಲ್ಬಲ್ಲ, ಬಕಾಸುರ.

ಎಲೆಕ್ಟ್ರಿಕಲ್ ಕೆಲಸ ಬಲ್ಲ ನನ್ನ ಹಳೇ ವಿದ್ಯಾರ್ಥಿಯೊಬ್ಬ ಹೇಳಿದ: 'ಮೇಷ್ಟ್ರೇ, ಒಳಗೆ ಷಂಟ್ ಅಂತ ಒಂದು ಲೋಹದ ಪಟ್ಟಿ ಇರುತ್ತೆ. ಕರೆಂಟು ಅದರಲ್ಲಿ ಹಾದುಹೋಗುವಾಗ ಹುಟ್ಟುವ ಚೂರೇ ಚೂರು ವೋಲ್ಟೇಜನ್ನು ಮೀಟರ್ ಅಳೆಯುತ್ತೆ. ಅದರ ಬೆಸುಗೆ ಬಿರುಕು ಬಿಟ್ಟರೆ ಅಡ್ಡಿ ಜಾಸ್ತಿಯಾಗಿ, ಮೀಟರ್ ಇದ್ದದ್ದಕ್ಕಿಂತ ಹೆಚ್ಚು ಕರೆಂಟು ಅಂದ್ಕೊಳ್ಳುತ್ತೆ.' ನಿಮ್ಮದರಲ್ಲಿ ಅದೇ ಆಗಿದೆಯೋ ಬೇರೆಯೋ, ಸೀಲ್ ಒಡೆದು ನೋಡುವ ಅಧಿಕಾರ ನನಗಿಲ್ಲ. ನಿಮಗಿದೆ.

ಈಗ ಕೇಳುವುದಿಷ್ಟು. ಈ ಮೀಟರಿನ ಜೊತೆಗೆ ಒಂದು ಚೆಕ್ ಮೀಟರ್ ಹಾಕಿ, ಒಂದು ವಾರ ಎರಡನ್ನೂ ಓಡಿಸಿ ನೋಡಿ. ಪರೀಕ್ಷಾ ಶುಲ್ಕದ ರಸೀದಿ ಅರ್ಜಿಗೆ ಲಗತ್ತಿಸಿದ್ದೇನೆ, ಮೀಟರಿನದೇ ತಪ್ಪೆಂದಾದರೆ ಅದನ್ನೂ ವಾಪಸು ಕೊಡಿ. ಎರಡು ತಿಂಗಳ ಬಿಲ್ಲುಗಳನ್ನು ಹಳೇ ಸರಾಸರಿಯ ಮೇಲೆ ಪರಿಷ್ಕರಿಸಿ, ಕಟ್ಟಿದ 1,668 ರೂಪಾಯಿ ಹಿಂದಿರುಗಿಸಿ. ಮುಂದಿನ ಬಿಲ್ಲಿಗೆ ಜಮಾ ಮಾಡುತ್ತೇವೆ ಎನ್ನಬೇಡಿ, ಸೊನ್ನೆ ಬಿಲ್ಲಿನಲ್ಲಿ ಏನನ್ನು ಕಳೆಯುತ್ತೀರಿ?

ಎರಡನೇ ಬಿಲ್ಲು ಕಟ್ಟಿಲ್ಲವೆಂದು ಲೈನ್‌ಮನ್ ಏಣಿ ಹೊತ್ತು ಬರುವ ಮೊದಲು 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ನೋಡಿ. ತಕರಾರಿದ್ದಾಗ ಬಿಲ್ಲಿನ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅಷ್ಟನ್ನು ಪ್ರತಿಭಟನೆಯೊಂದಿಗೆ ಕಟ್ಟಿದರೆ ತೀರ್ಮಾನವಾಗುವ ತನಕ ಸಂಪರ್ಕ ಕಡಿಯುವಂತಿಲ್ಲ. ನನ್ನ ಆರು ತಿಂಗಳೆಂದರೆ ಐದು ಸೊನ್ನೆ, ಒಂದು 1,668. ಸರಾಸರಿ 278. ಅಷ್ಟನ್ನು ಕಟ್ಟಿದ್ದೇನೆ, ನಿಮ್ಮ ಗುಮಾಸ್ತರು ಅದನ್ನು ಎರಡು ಸಲ ಎಣಿಸಿಕೊಂಡಿದ್ದಾರೆ. ನೀವೂ ಸುಮ್ಮನಿದ್ದರೆ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಂದ ಓಂಬುಡ್ಸ್‌ಮನ್ ಬಳಿಗೆ ಹೋಗುವ ಪುರುಸೊತ್ತು ನನಗಿದೆ. ಹೇಳಿದೆನಲ್ಲ, ನಿವೃತ್ತ.

ನೀವೇ ಒಂದು ಸಂಜೆ ಬಂದು ಎಣಿಸುವುದಾದರೆ ಸ್ಟೂಲ್, ಬಲ್ಬ್, ಕಾಫಿ ಎಲ್ಲ ನಮ್ಮದು. ಬೇಗ ಬನ್ನಿ. ನಾವು ಎಣಿಸುತ್ತಾ ಕೂತ ಆರಾರು ನಿಮಿಷಕ್ಕೂ ಮೀಟರ್ ಮೂರುಪಟ್ಟು ಬರೆದುಕೊಳ್ಳುತ್ತಿದೆ.

ಇಂತಿ,
ತಮ್ಮ ಗ್ರಾಹಕ
(ಆರ್‌ಆರ್ ನಂಬರ್ ಅರ್ಜಿಯಲ್ಲಿದೆ. ಅರ್ಜಿ ನಿಮ್ಮ ಮೇಜಿನಲ್ಲಿದೆ.)